‘ಅರ್ಧ ಸವೆದಿದೆ’ ಅಂದರೆ ಎಷ್ಟು?

ಶಾಂತಲಾ: ಹಳೇ ಕಾರು ಕೊಳ್ಳುವವರಿಗಾಗಿ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಕಾರುಗಳ ಟೈರ್ ಫೋಟೋ ಇವೆ. ಒಂದನ್ನು ಓರೆಯಾಗಿ, ಇಳಿಬಿಸಿಲಲ್ಲಿ ತೆಗೆದಿದ್ದಾರೆ. ಬಟನ್‌ಗಳ ಸಂದಿನಲ್ಲಿ ನೆರಳು ಬಿದ್ದು ಹೊಸದರ ಹಾಗೆ ಕಾಣುತ್ತದೆ. ಇನ್ನೊಂದನ್ನು ನೇರವಾಗಿ ತೆಗೆದಿದ್ದಾರೆ, ಸಂದಿನ ತುಂಬ ಕೆಸರು, ನೋಡಿದರೆ ಬೋಳು. ಎರಡನೆಯದಕ್ಕೆ ‘ಅರ್ಧ ಸವೆದಿದೆ’ ಅಂತ ಬರೆಯಬಹುದಾ? ಆಳ ಅಳೆದವರು 4.8 ಮಿ.ಮೀ. ಅಂದರು. ಎರಡೂ ಟೈರ್ ಹೊಸದಿದ್ದಾಗ 8 ಇತ್ತಂತೆ.

ಗಿರೀಶ: 8ರಲ್ಲಿ 4.8 ಅಂದರೆ ಶೇ 60 ಉಳಿದಿದೆ. ‘ಅರ್ಧ’ ತಪ್ಪು. ‘ಅರ್ಧಕ್ಕಿಂತ ಜಾಸ್ತಿ ಬಟನ್ ಇದೆ’ ಅಂತ ಬರೆಯಿರಿ.

ಸರೋಜಾ: ನಮ್ಮ ಕಾರಿನ ಟೈರ್ ಹೊರಗಡೆ ಚೆನ್ನಾಗಿತ್ತು, ಒಳಅಂಚು ಪೂರ್ತಿ ನುಣ್ಣಗೆ! ಫೋಟೋದಲ್ಲಿ ಆ ಕಡೆ ಯಾರೂ ತೋರಿಸಲ್ಲ. ಇದಕ್ಕೂ ಒಂದು ಪದ ಬೇಕು.

ರಮಾನಂದ: ಗಿರೀಶ್ ಸರ್, ಬಟನ್ ಎತ್ತರದ ಲೆಕ್ಕ ಸರಿ, ಬಾಳಿಕೆಯ ಲೆಕ್ಕ ಅಲ್ಲ. ಸಂದಿನ ತಳದಲ್ಲಿ ಅಡ್ಡಕ್ಕೆ ಸಣ್ಣ ದಿಂಡು ಇರುತ್ತದೆ, ಎತ್ತರ 1.6 ಮಿ.ಮೀ. ಬಟನ್ ಸವೆದು ಆ ಮಟ್ಟಕ್ಕೆ ಬಂದರೆ ಟೈರ್ ಕತೆ ಮುಗಿಯಿತು. ಹಾಗಾಗಿ ಬಳಸಲು ಸಿಗುವುದು 6.4. ಇಲ್ಲಿ ಉಳಿದದ್ದು 3.2. ಸರಿಯಾಗಿ ಅರ್ಧ.

ಶಾಂತಲಾ ಅವರೇ, ಫೋಟೋದಲ್ಲಿ ಸಂದಿನ ಕಪ್ಪು ನೋಡಬೇಡಿ, ಆ ದಿಂಡು ಹುಡುಕಿ. ಟೈರಿನ ಪಕ್ಕದಲ್ಲಿ TWI ಅಂತಲೋ ಸಣ್ಣ ತ್ರಿಕೋನವೋ ಇದ್ದರೆ ಅದರ ನೇರಕ್ಕೇ ಸಿಗುತ್ತದೆ. ದಿಂಡಿನ ತಲೆಯಿಂದ ಬಟನ್ ಮೇಲ್ಮೈವರೆಗಿನ ಜಾಗವನ್ನು ದಿಂಡಿನ ಎತ್ತರಕ್ಕೆ ಹೋಲಿಸಿ. ಕ್ಯಾಮೆರಾ ಓರೆಯಾದರೂ ಎರಡೂ ಒಂದೇ ಕಡೆ ಇರುವುದರಿಂದ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಕುಗ್ಗುತ್ತವೆ. ನಿಮ್ಮ ಮೊದಲ ಫೋಟೋದಲ್ಲಿ ಆ ಜಾಗ ದಿಂಡಿನಷ್ಟೇ ಇದೆ. ಅಂದರೆ ಉಳಿದದ್ದು ಸುಮಾರು 1.6, ಕಾಲು ಭಾಗ. ‘ಹೊಸದು’ ಕಂಡದ್ದು ಬರೀ ನೆರಳು.

ಶಾಂತಲಾ: ಅಂದರೆ ಕೆಸರಿದ್ದರೆ ಯಾವಾಗಲೂ ಟೈರ್ ಇರುವುದಕ್ಕಿಂತ ಸವೆದ ಹಾಗೆ ಕಾಣುತ್ತದೆ, ಅಲ್ವಾ?

ರಮಾನಂದ: ಕಣ್ಣಳತೆಗೆ ಹೌದು. ಈ ಹೋಲಿಕೆಯಲ್ಲಿ ತಿರುಗುಮುರುಗು. ತಳದಲ್ಲಿ 0.8 ಮಣ್ಣು ಕೂತರೆ ದಿಂಡು ಅರ್ಧವೇ ಕಾಣುತ್ತದೆ. ಅದನ್ನೇ 1.6 ಅಂದುಕೊಂಡರೆ ಮೇಲಿನ ಜಾಗ ದುಪ್ಪಟ್ಟು ಅನಿಸುತ್ತದೆ. ಸಂದಿನಲ್ಲಿ ಸಿಕ್ಕಿದ ಕಲ್ಲನ್ನೇ ದಿಂಡು ಅಂದುಕೊಳ್ಳುವವರೂ ಇದ್ದಾರೆ. ತೊಳೆಸಿ, ಒಣಗಿದ ಮೇಲೆ ತೆಗೆಸಿ. ಒದ್ದೆ ಟೈರ್ ಸುಮ್ನೆ ಹೊಳೆಯುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಸರೋಜಮ್ಮನವರು ಹೇಳಿದ ಅಂಚೂ ಸಿಗುತ್ತದೆ, ಮುಂದಿನ ಚಕ್ರಗಳಲ್ಲಿ ಮಾತ್ರ.

ಗಿರೀಶ: ಒಪ್ಪಿದೆ. ಆದರೂ ಓದುವವರು ‘ಅರ್ಧ ಸವೆದಿದೆ’ ಅನ್ನುವುದನ್ನು ಬಟನ್ ಎತ್ತರ ಅಂತಲೇ ತಿಳಿಯುತ್ತಾರೆ. ‘ಅರ್ಧ ಬಾಳಿಕೆ ಉಳಿದಿದೆ’ ಅಂತ ಹಾಕಿ.

ಶಾಂತಲಾ: ಸದ್ಯಕ್ಕೆ ‘4.8 ಮಿ.ಮೀ., ಅರ್ಧ ಬಾಳಿಕೆ’ ಅಂತ ಹಾಕುತ್ತೇನೆ. ದಿಂಡಿಗೆ ‘ಸವೆತದ ಗುರುತು’ ಅಂದರೆ ನಡೆಯುತ್ತದಾ?

ಸರೋಜಾ: ಬೇಡ, ಸವೆದು ಬಿದ್ದ ಗುರುತು ಅಂತ ಓದಿಬಿಡುತ್ತಾರೆ.