ಫೋಟೊದಲ್ಲಿರುವ ಕಂತಿನ ಪಟ್ಟಿ: ಅಸಲು, ಬಡ್ಡಿ, ಬಾಕಿ ಹೊಂದಿಸಿದವರ ಅನುಭವ

ಕೇಳಿದವರು: ಗೃಹಸಾಲ 20 ಲಕ್ಷ, ಬಡ್ಡಿ ಶೇ. 9, 240 ಕಂತು, ತಿಂಗಳಿಗೆ 17,995. ಕಂತಿನ ಪಟ್ಟಿ ಫೋಟೊ ರೂಪದಲ್ಲಿ ಮಾತ್ರ ಇದೆ. ಮೂರು ಕಂತಿನ ನಂತರದ ಬಾಕಿ ಪಟ್ಟಿಯಲ್ಲಿ 19,90,948, ಸಾಲ ಪೂರ್ತಿ ತೀರಿಸಲು ಬ್ಯಾಂಕು ಪತ್ರದಲ್ಲಿ ಕೇಳುತ್ತಿರುವುದು 19,96,839. ಎಕ್ಸೆಲ್‌ಗೆ ಇಳಿಸಿ ಪರಿಶೀಲಿಸುವುದು ಹೇಗೆ?

ತುಮಕೂರಿನವ: ನಾನು ಎಕ್ಸೆಲ್‌ನ `From Picture` ಬಳಸಿ ಹತ್ತು ನಿಮಿಷದಲ್ಲಿ ಇಳಿಸಿದೆ. ಅಸಲಿನ ಕಾಲಂ ಪೂರ್ತಿ ಕೂಡಿದಾಗ ಪಡೆದ ಸಾಲಕ್ಕೆ ಸರಿಯಾಗಿ ಬಂದಿತು. ಅದಕ್ಕಿಂತ ಹೆಚ್ಚಿನ ಪರಿಶೀಲನೆ ಅನಗತ್ಯ.

ನಿವೃತ್ತ ಲೆಕ್ಕಿಗ: ಆ ನಂಬಿಕೆಯಿಂದಲೇ ನಾನು ಎರಡು ರಾತ್ರಿ ನಿದ್ದೆಗೆಟ್ಟೆ. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿದರೆ ಒಟ್ಟು ಮೊತ್ತ ಸರಿಯಾಗಿಯೇ ಕಾಣುತ್ತದೆ. ನನ್ನ ಪಟ್ಟಿಯಲ್ಲಿ ಮಸುಕಾದ 1 ಅನ್ನು ಯಂತ್ರ 7 ಎಂದು ಓದಿತ್ತು. ನಿಮ್ಮ ಎರಡನೇ ಕಂತಿನ ಅಸಲು 3,017 ಎಂಬುದು 3,077 ಆಯಿತೆಂದುಕೊಳ್ಳಿ. B ಯಲ್ಲಿ ಕಂತು, C ಯಲ್ಲಿ ಅಸಲು, D ಯಲ್ಲಿ ಬಡ್ಡಿ, E ಯಲ್ಲಿ ಬಾಕಿ ಇಟ್ಟು, 3ನೇ ಸಾಲಿನಲ್ಲಿರುವ ಎರಡನೇ ಕಂತಿನಿಂದ ಹಿಡಿದು ಪ್ರತಿ ಸಾಲಿಗೂ ಇವೆರಡನ್ನು ಹಾಕಿ:

```
=C3+D3-B3
=E2-C3-E3
```

ಮೊದಲನೆಯದು 60, ಎರಡನೆಯದು -60 ತೋರಿಸಿದರೆ ಕೆಟ್ಟಿರುವುದು ಅಸಲು. ಮೊದಲನೆಯದು ಸೊನ್ನೆಯಾಗಿದ್ದು, ಎರಡನೆಯದು ಆ ಸಾಲಿನಲ್ಲೂ ಮುಂದಿನ ಸಾಲಿನಲ್ಲೂ ವಿರುದ್ಧ ಚಿಹ್ನೆಯೊಂದಿಗೆ ಕಂಡರೆ ಕೆಟ್ಟಿರುವುದು ಬಾಕಿ. ನಮ್ಮ ಲಕ್ಷದ ಅಲ್ಪವಿರಾಮದಿಂದಾಗಿ ಕೆಲವು ಅಂಕಿಗಳು ಪಠ್ಯವಾಗಿಯೇ ಕೂತುಬಿಡುತ್ತವೆ. ಎಡಕ್ಕೆ ಒತ್ತಿಕೊಂಡಿರುವ ಅಂಕಿಯನ್ನು ನಂಬಬೇಡಿ.

ಮೈಸೂರಿನವಳು: ಫೋಟೊ ಇಳಿಸುವ ಗೋಜೇ ಏಕೆ? ಒಂದು ಕಂತಿನಿಂದ ಇನ್ನೊಂದು ಕಂತಿನವರೆಗೆ ತೀರಿದ ಒಟ್ಟು ಅಸಲನ್ನು ಎಣಿಸುವ ಎಕ್ಸೆಲ್ ಸೂತ್ರ `CUMPRINC` ಇದೆಯಲ್ಲ! ನಾನು ನನ್ನ ಬೈಕ್ ಸಾಲಕ್ಕೆ ಅದನ್ನೇ ಬಳಸಿ ನೋಡಿದಾಗ ಅಸಲು ಹೊಂದಲೇ ಇಲ್ಲ. ಸಾಲ ಕೊಟ್ಟವರು ಮೂಲ ಮೊತ್ತದ ಮೇಲೆಯೇ ಕೊನೆಯವರೆಗೆ ಬಡ್ಡಿ ಎಣಿಸಿದ್ದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಿವೃತ್ತ ಲೆಕ್ಕಿಗ: ತಾಯಿ, ನಿಮ್ಮ ಬೈಕಿನ ಲೆಕ್ಕವೇ ಬೇರೆ. ಬಡ್ಡಿ ದರ ಬದಲಾದ ತಿಂಗಳಿನಿಂದ ಆ ಸೂತ್ರವೂ ಕೈಕೊಡುತ್ತದೆ, ಬಾಕಿಯನ್ನು ಹೊಸ ದರಕ್ಕೆ ಮತ್ತೆ ಎಣಿಸಬೇಕು. ಕೇಳಿದವರಿಗೆ ಹೇಳುತ್ತೇನೆ, ಪಟ್ಟಿಯು ಕಂತಿನ ದಿನದ ಬಾಕಿಯನ್ನು ಮಾತ್ರ ಹೇಳುತ್ತದೆ. ಅಲ್ಲಿಂದ ಮುಂದೆ 19,90,948 ರ ಮೇಲೆ ದಿನಕ್ಕೆ ಸುಮಾರು 491 ರೂಪಾಯಿ ಬಡ್ಡಿ ಬೆಳೆಯುತ್ತದೆ. ನಿಮ್ಮ ವ್ಯತ್ಯಾಸ 5,891, ಅಂದರೆ ಸರಿಯಾಗಿ 12 ದಿನದ ಬಡ್ಡಿಯಷ್ಟು. ಬ್ಯಾಂಕಿನ ಪತ್ರದಲ್ಲಿರುವ ತಾರೀಕು ಯಾವುದು?

ತುಮಕೂರಿನವ: ಅದು 12 ದಿನದ ಬಡ್ಡಿಯೇ ಎಂದು ಹೇಗೆ ಖಚಿತವಾಗಿ ಹೇಳುತ್ತೀರಿ? ನನ್ನ ಸಾಲದಲ್ಲಿ ಇಂಥದೇ ವ್ಯತ್ಯಾಸ ವಿಮೆಯ ಕಂತಾಗಿತ್ತು.

ನಿವೃತ್ತ ಲೆಕ್ಕಿಗ: ಖಚಿತ ಎಂದಿಲ್ಲ, ಅದಕ್ಕೇ ತಾರೀಕು ಕೇಳಿದ್ದು. ಸಾಲದ ಖಾತೆಯ ವಿವರ ತರಿಸಿ ನೋಡಲಿ, ವಿಮೆಯಾಗಿದ್ದರೆ ಅಲ್ಲಿ ಪ್ರತ್ಯೇಕ ಖರ್ಚಾಗಿ ಬಿದ್ದಿರುತ್ತದೆ.

ಕೇಳಿದವರು: ಪತ್ರದಲ್ಲಿ ತಾರೀಕೇ ಇಲ್ಲ. ಸೋಮವಾರ ಶಾಖೆಗೆ ಹೋಗಿ ಖಾತೆಯ ವಿವರ ಕೇಳುತ್ತೇನೆ.