ಸೋದರಮಾವನ ಸಾಲ: ಮಧ್ಯೆ ಮಧ್ಯೆ ಕಟ್ಟಿದ್ದಕ್ಕೆ ಬಡ್ಡಿ ಲೆಕ್ಕ, ನನ್ನ ಶೀಟ್‌ಗೂ ಅವರ ಪುಸ್ತಕಕ್ಕೂ 85 ರೂಪಾಯಿ ವ್ಯತ್ಯಾಸ

ಮಳೆಹನಿ:
ಸೋದರಮಾವನಿಂದ 1-4-2025ರಂದು 2,00,000 ರೂಪಾಯಿ ಪಡೆದಿದ್ದೆ. ವರ್ಷಕ್ಕೆ ಶೇ. 12, ಉಳಿದ ಅಸಲಿನ ಮೇಲೆ ಮಾತ್ರ, ಬಡ್ಡಿಗೆ ಬಡ್ಡಿ ಇಲ್ಲ ಅಂತ ಮಾತಾಗಿತ್ತು. ಕೈಗೆ ಬಂದ ಹಾಗೆ ಕಟ್ಟಿದೆ: 10-7-2025ಕ್ಕೆ 40,000, 18-10-2025ಕ್ಕೆ 3,000, 26-1-2026ಕ್ಕೆ 60,000. 1-4-2026ಕ್ಕೆ ಪೂರ್ತಿ ಚುಕ್ತಾ ಮಾಡಬೇಕು. ನನ್ನ ಎಕ್ಸೆಲ್ 1,17,059 ತೋರಿಸುತ್ತಿದೆ. ಮಾವ ಕೈಯಲ್ಲೇ ಲೆಕ್ಕ ಹಾಕಿ 1,16,974 ಸಾಕು ಅಂತಾರೆ. ಅವರಿಗೆ ಒಂದು ರೂಪಾಯಿಯೂ ಕಡಿಮೆ ಆಗಬಾರದು, ಅದಕ್ಕೇ ಕೇಳುತ್ತಿದ್ದೇನೆ. A ತಾರೀಖು, B ಕಟ್ಟಿದ್ದು, C ದಿನ, D ಬಡ್ಡಿ, F ಬಾಕಿ. ಬಾಕಿಯ ಸೂತ್ರ ಇದು:

```
F3: =F2+D3-B3
```

ದಾರಿಹೋಕ:
ಇಎಂಐ ಕ್ಯಾಲ್ಕುಲೇಟರ್‌ಗೆ ಹಾಕಿ 12 ತಿಂಗಳು ಕೊಟ್ಟರೆ ಬಂದುಬಿಡುತ್ತದಲ್ಲ? ನಮ್ಮ ಭಾವನ ಸಾಲ ನಾನು ಹಾಗೇ ತೀರಿಸಿದ್ದು.

ಮಳೆಹನಿ:
ಅದು ಪ್ರತಿ ತಿಂಗಳು ಒಂದೇ ಮೊತ್ತ ಕಟ್ಟುವವರಿಗೆ ಸರ್. ನಾನು ವರ್ಷದಲ್ಲಿ ಮೂರೇ ಸಲ ಕಟ್ಟಿರುವುದು, ಮೂರೂ ಬೇರೆ ಬೇರೆ ಮೊತ್ತ.

ಅಂಗಳ_77:
ಇಬ್ಬರದೂ ತಪ್ಪು. ಕಟ್ಟಿದ್ದೆಲ್ಲ ನೇರ ಅಸಲಿಗೆ ಹೋಗಬೇಕು, ಬಡ್ಡಿಯನ್ನು ಪಕ್ಕಕ್ಕೆ ಬರೆದಿಟ್ಟು ಕೊನೆಗೆ ಸೇರಿಸಬೇಕು. ಅಸಲು 2,00,000, ಆಮೇಲೆ 1,60,000, 1,57,000, 97,000. ಬಡ್ಡಿ ಒಟ್ಟು 19,070. ಕೊಡಬೇಕಾದ್ದು 1,16,070.

ಲೆಕ್ಕದಪುಸ್ತಕ:
ಅಂಗಳ ಅವರೇ, ನಿಮ್ಮ ಕೂಡುವಿಕೆ ಸರಿ ಇದೆ. ಆದರೆ ಹಾಗೆ ಮಾಡುವುದಕ್ಕೆ ಇಬ್ಬರೂ ಮೊದಲೇ ಒಪ್ಪಿರಬೇಕು. ಬೇರೆ ಮಾತು ಆಗಿಲ್ಲದಿದ್ದರೆ ಕಟ್ಟಿದ ಹಣ ಮೊದಲು ಬಡ್ಡಿಗೆ, ಮಿಕ್ಕಿದ್ದು ಅಸಲಿಗೆ. ಮಾವನೂ ಹಾಗೇ ಹಿಡಿದಿದ್ದಾರೆ ಅನ್ನಿಸುತ್ತದೆ.

ಮಳೆಹನಿ, ನಿಮ್ಮ ತೊಂದರೆ ಇರುವುದು 3,000ದ ಸಾಲಿನಲ್ಲಿ. ಜುಲೈವರೆಗೆ 100 ದಿನ, ಬಡ್ಡಿ 6,575. ನೀವು ಕಟ್ಟಿದ 40,000ದಲ್ಲಿ ಅದು ಪೂರ್ತಿ ಮುರಿದುಕೊಂಡು ಅಸಲು 1,66,575ಕ್ಕೆ ಇಳಿಯಿತು. ಅಲ್ಲಿಂದ ಅಕ್ಟೋಬರ್‌ಗೆ ಇನ್ನೂ 100 ದಿನ, ಬಡ್ಡಿ 5,476. ನೀವು ಕೊಟ್ಟಿದ್ದು 3,000. ಮಿಕ್ಕ 2,476 ಬಡ್ಡಿ ಬಾಕಿ, ಅದು ಅಸಲಲ್ಲ. ನಿಮ್ಮ ಸೂತ್ರ ಅದನ್ನು ಅಸಲಿಗೆ ಸೇರಿಸಿ 1,69,052 ಮಾಡಿದೆ, ಮುಂದಿನ ನೂರು ದಿನ ಅದಕ್ಕೂ ಬಡ್ಡಿ ಹಾಕಿದೆ. ಬೇಡ ಅಂದುಕೊಂಡ ಚಕ್ರಬಡ್ಡಿ ಹೀಗೆ ಒಳಗೆ ಬಂತು. ಕಟ್ಟಿದ್ದು ಪ್ರತಿ ಸಲವೂ ಬಡ್ಡಿಗಿಂತ ಹೆಚ್ಚಿದ್ದರೆ ಈ ಸೂತ್ರ ಸರಿಯಾದ ಉತ್ತರವನ್ನೇ ಕೊಡುತ್ತದೆ, ಅದಕ್ಕೇ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ನೀವೇ ಪರೀಕ್ಷೆ ಮಾಡಿ ನೋಡಿ. ಮಧ್ಯೆ 1-12-2025 ಅಂತ ಒಂದು ಸಾಲು ಸೇರಿಸಿ, ಕಟ್ಟಿದ್ದು ಸೊನ್ನೆ ಅಂತ ಹಾಕಿ. ಏನೂ ಕಟ್ಟದ ದಿನಕ್ಕೆ ಕೊನೆಯ ಮೊತ್ತ ಕದಲಬಾರದು. ನಿಮ್ಮದು 1,17,105 ಆಗುತ್ತದೆ.

ಬಡ್ಡಿ ಬಾಕಿಗೆ E ಅಂಕಣ ಬೇರೆ ಇಡಿ:

```
C3: =A3-A2
D3: =F2*12%*C3/365
E3: =MAX(0, E2+D3-B3)
F3: =F2-MAX(0, B3-E2-D3)
```

ಮೊದಲ ಸಾಲಿನಲ್ಲಿ E2 ಸೊನ್ನೆ, F2 2,00,000. ಕೊನೆಯ ತಾರೀಖಿಗೆ B ಸೊನ್ನೆ ಇಟ್ಟರೆ E, F ಎರಡನ್ನೂ ಕೂಡಿದ್ದೇ ಚುಕ್ತಾ ಮೊತ್ತ.

ಮಳೆಹನಿ:
ಹಾಕಿದೆ. 1,16,976 ಬಂತು! ಸೊನ್ನೆ ಸಾಲು ಸೇರಿಸಿದರೂ ಅಷ್ಟೇ ಇದೆ. ಮಾವನದಕ್ಕಿಂತ 2 ರೂಪಾಯಿ ಯಾಕೆ ಹೆಚ್ಚು?

ಲೆಕ್ಕದಪುಸ್ತಕ:
ಅವರು ಪ್ರತಿ ಹಂತದಲ್ಲೂ ಪೈಸೆ ಬಿಟ್ಟಿದ್ದಾರೆ. 6,575, 5,476, ಮತ್ತೆ 5,476, 2,447 ಅಂತ ಹಾಕಿದರೆ ಸರಿಯಾಗಿ 1,16,974 ಬರುತ್ತದೆ. ಪೆನ್ನಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಬರೆದಿದ್ದಾರಲ್ಲ, ಆ ಪುಸ್ತಕ ಜೋಪಾನವಾಗಿ ಇಡಿ.

ಅಂಗಳ_77:
ಒಪ್ಪಿದೆ. ಆದರೂ ಕಟ್ಟುವಾಗ ಅಸಲಿಗೆ ಅಂತ ಹೇಳಿ ಕೊಟ್ಟಿದ್ದರೆ?

ಮಳೆಹನಿ:
ನೀವು ಕೇಳಿದ ಮೇಲೆ ಹಳೆಯ ಮೆಸೇಜ್ ತೆಗೆದು ನೋಡಿದೆ. 40,000 ಕಳಿಸಿದ ದಿನ "ಇದನ್ನ ಅಸಲಿಗೆ ಜಮಾ ಮಾಡ್ಕೊಳ್ಳಿ ಮಾವ" ಅಂತ ಬರೆದಿದ್ದೇನೆ. ಉಳಿದ ಎರಡಕ್ಕೆ ಏನೂ ಬರೆದಿಲ್ಲ.

ಲೆಕ್ಕದಪುಸ್ತಕ:
ಮಾವ ಅದಕ್ಕೆ ಒಪ್ಪಿದ್ದರೆ ಆ ಒಂದು ಸಾಲು ಬದಲಾಗಬೇಕು. ಅಲ್ಲಿ ಮಾತ್ರ ಸೂತ್ರ ತೆಗೆದು ಹೀಗೆ ಹಾಕಿ:

```
E3: =E2+D3
F3: =F2-B3
```

6,575 ಬಡ್ಡಿ ಬಾಕಿಯಾಗಿ ನಿಲ್ಲುತ್ತದೆ, ಅಸಲು 1,60,000 ಆಗುತ್ತದೆ, ಕೊನೆಗೆ 1,16,534. ಆ ಮೆಸೇಜಿಗೆ ಮಾವ ಏನಂದರು?

ಮಳೆಹನಿ:
ಉತ್ತರ ಬರೆದಿಲ್ಲ, ನೋಡಿದ್ದಾರೆ ಅಷ್ಟೇ. ಪುಸ್ತಕದಲ್ಲಂತೂ ಬಡ್ಡಿಗೇ ಮುರಿದುಕೊಂಡಿದ್ದಾರೆ. 442 ರೂಪಾಯಿಯ ಮಾತು. ಭಾನುವಾರ ಎರಡೂ ಲೆಕ್ಕ ಎದುರಿಗಿಟ್ಟು ಅವರನ್ನೇ ಕೇಳುತ್ತೇನೆ.