ಹೊಸ ಫೋನಲ್ಲಿ ಲಾಕ್ಡ್ ಫೋಲ್ಡರ್ ಖಾಲಿ, ಟ್ರ್ಯಾಶಲ್ಲೂ ಫೋಟೋ ಇಲ್ಲ

ಕೊಪ್ಪಳ ಟೀಚರ್:
ನಮಸ್ಕಾರ್ರಿ. ಅವ್ವಗ ಹೊಟ್ಟಿ ಆಪರೇಷನ್ ಆಗೇತಿ. ಗಾಯ ಹೆಂಗ ಒಣಗತೈತಿ ಅಂತ ಡಾಕ್ಟರ್ ಫೋಟೋ ಕೇಳ್ತಾರ. ಯಾರೂ ನೋಡಬಾರದು ಅಂತ ಅವನ್ನೆಲ್ಲ ಗೂಗಲ್ ಫೋಟೋಸ್‌ನ ಲಾಕ್ಡ್ ಫೋಲ್ಡರಿಗೆ ಹಾಕಿಟ್ಟಿದ್ದೆ. ಈಗ ಹೊಸ ಆಂಡ್ರಾಯ್ಡ್ ಫೋನ್ ತಗೊಂಡು ಅದೇ ಜಿಮೇಲ್ ಹಾಕೀನಿ. ಬಾಕಿ ಫೋಟೋ ಎಲ್ಲ ಬಂದಾವು, ಲಾಕ್ಡ್ ಫೋಲ್ಡರ್ ಮಾತ್ರ ಖಾಲಿ. ಇನ್ನೊಂದು, ನನ್ನ ಮಗ ಹಳೇ ಫೋನಿನ್ಯಾಗ ಆಟ ಆಡ್ತಾ ಗವಿಮಠದ ಜಾತ್ರಿ ಫೋಟೋ ಒಂದಿಷ್ಟು, ಲಾಕ್ಡ್ ಫೋಲ್ಡರಿನ ನಾಲ್ಕು ಫೋಟೋ ಡಿಲೀಟ್ ಮಾಡ್ಯಾನ. ಹಳೇ ಫೋನ್ ನಾಳೆ ಎಕ್ಸ್‌ಚೇಂಜಿಗೆ ಕೊಡೋದೈತಿ. ಏನ್ ಮಾಡ್ಲಿ?

ಸಿಂಧನೂರು ಹುಡುಗ:
ಟೆನ್ಶನ್ ಬ್ಯಾಡ ಅಕ್ಕ. ಡಿಲೀಟ್ ಮಾಡಿದ್ದೆಲ್ಲ ಟ್ರ್ಯಾಶಲ್ಲಿ 60 ದಿನ ಇರ್ತದ, ರಿಸ್ಟೋರ್ ಒತ್ತಿದ್ರ ಮುಗೀತು. ಅಲ್ಲಿ ಸಿಗಲಿಲ್ಲಂದ್ರ ಯಾವುದಾರ ರಿಕವರಿ ಆ್ಯಪ್ ಹಾಕಿ ನೋಡ್ರಿ.

ಗಂಗಾವತಿ ರಿಪೇರಿ:
ಮೇಡಂ, ಮೊದಲು ಒಂದು ಮಾತು: ಹಳೇ ಫೋನ್ ಕೊಡಬೇಡ್ರಿ, ರೀಸೆಟ್ ಮಾಡಬೇಡ್ರಿ, ಅದರಾಗ ಫೋಟೋಸ್ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡೋದು, ಡೇಟಾ ಕ್ಲಿಯರ್ ಮಾಡೋದೂ ಬ್ಯಾಡ. ಲಾಕ್ಡ್ ಫೋಲ್ಡರಿನ ಬ್ಯಾಕಪ್ ಬೇರೆಯಾಗಿ ಆನ್ ಮಾಡಬೇಕು. ಬಾಕಿ ಫೋಟೋಗಳ ಬ್ಯಾಕಪ್ ಆನ್ ಇದ್ರೂ ಇದು ಆಫ್ ಇರಬಹುದು. ಆಫ್ ಇದ್ದಾಗ ಫೋಟೋನ ಒಳಗ ಹಾಕಿದ್ರ, ಮೊದಲು ಕ್ಲೌಡಿನ್ಯಾಗ ಇದ್ದ ಪ್ರತಿನೂ ಅಳಿಸಿಹೋಗ್ತೈತಿ. ಫೋಟೋ ಉಳಿಯೋದು ಆ ಒಂದು ಫೋನಿನ್ಯಾಗ ಮಾತ್ರ. ನಿಮ್ಮ ಹೊಸ ಫೋನ್ ಖಾಲಿ ಇರೋದಕ್ಕ ಕಾರಣ ಬಹುಶಃ ಇದೇ.

ಹಳೇ ಫೋನಿನ್ಯಾಗ ಫೋಟೋಸ್ ತೆಗೀರಿ, `Collections` ಒಳಗ `Locked` ಒತ್ತಿ ಪಿನ್ ಹಾಕ್ರಿ. ಫೋಟೋ ಕಂಡ್ರ ಕೆಲಸ ಆದಂಗ. ಲಾಕ್ಡ್ ಫೋಲ್ಡರಿನ ಬ್ಯಾಕಪ್ ಆನ್ ಮಾಡಿ, ವೈಫೈ ಹಚ್ಚಿ ಬಿಡ್ರಿ. ಹೊಸ ಫೋನಿನ್ಯಾಗ ಲಾಕ್ಡ್ ತೆಗೆದು ಒಂದೊಂದು ಫೋಟೋ ಕಣ್ಣಾರೆ ನೋಡೋ ತನಕ ಹಳೇದನ್ನ ಕೈ ಬಿಡಬ್ಯಾಡ್ರಿ. ಫೋಟೋಗಳನ್ನ ಹೊರಗ ಸರಿಸಿ ಮಾಮೂಲಿ ಬ್ಯಾಕಪ್ಪಿಗೂ ಬಿಡಬಹುದು, ಆದ್ರ ಆ ಹೊತ್ತಿನ್ಯಾಗ ಅದೇ ಜಿಮೇಲ್ ಇರೋ ಮನಿಯವರ ಟ್ಯಾಬಿನ್ಯಾಗೂ ಅವ್ವನ ಫೋಟೋ ಕಾಣ್ತಾವು. ನಾನಾಗಿದ್ರ ಆ ದಾರಿ ಹಿಡೀತಿರಲಿಲ್ಲ.

ತಮ್ಮ ಹೇಳಿದ 60 ದಿನ ಬ್ಯಾಕಪ್ ಆದ ಫೋಟೋಗಳಿಗೆ. ಬ್ಯಾಕಪ್ ಆಗದೇ ಫೋನಿನ್ಯಾಗಷ್ಟ ಇದ್ದವು 30 ದಿನಕ್ಕ ಹೋಗ್ತಾವು. ಜಾತ್ರಿ ಫೋಟೋಗೆ `Trash` ನೋಡ್ರಿ, ಬೆರಳು ಒತ್ತಿ ಹಿಡಿದು ಆರಿಸಿ `Restore`. ಲಾಕ್ಡ್ ಫೋಲ್ಡರಿನಿಂದ ಡಿಲೀಟ್ ಆದದ್ದು ಟ್ರ್ಯಾಶಿಗೆ ಬರೋದೇ ಇಲ್ಲ, ನೇರವಾಗಿ ಹೋಗಿಬಿಡ್ತೈತಿ.

ಬಳ್ಳಾರಿ ಮಾವ:
ನಮ್ದು ಐಫೋನು. Hidden ಆಲ್ಬಮ್‌ನಾಗ ಇಟ್ಟ ಫೋಟೋ ಹೊಸ ಫೋನಿಗೆ ತಾನೇ ಬಂದ್ವು, ಡಿಲೀಟ್ ಮಾಡಿದ್ದೂ Recently Deleted ಒಳಗ ಸಿಕ್ತು. ಗೂಗಲ್‌ದೇ ಎಡವಟ್ಟು.

ಗಂಗಾವತಿ ರಿಪೇರಿ:
ಮಾವಾರ, ನಿಮ್ಮಲ್ಲಿ ಐಕ್ಲೌಡ್ ಫೋಟೋಸ್ ಆನ್ ಇದ್ದದ್ದಕ್ಕ ಬಂದಾವು. ಅದೇ ಬೇರೆ, ಇದೇ ಬೇರೆ.

ಸಿಂಧನೂರು ಹುಡುಗ:
ಹಂಗಾರ ಆ ನಾಲ್ಕಕ್ಕ ರಿಕವರಿ ಆ್ಯಪೇ ಗತಿ?

ಗಂಗಾವತಿ ರಿಪೇರಿ:
ಅಂಗಡಿಗೆ ಇದನ್ನೇ ಕೇಳ್ಕೊಂಡು ಬರೋರು ಬಹಳ. ಲಾಕ್ಡ್ ಫೋಟೋ ಇರೋದು ಫೋಟೋಸ್ ಆ್ಯಪಿನ ಸ್ವಂತ ಜಾಗದಾಗ. ಬೇರೆ ಆ್ಯಪಿಗೆ ಅಲ್ಲಿ ಪ್ರವೇಶವೇ ಇಲ್ಲ, ಫೋನಿನ ಸ್ಟೋರೇಜೂ ಎನ್‌ಕ್ರಿಪ್ಟ್ ಆಗಿರ್ತೈತಿ. ಆ ಆ್ಯಪ್‌ಗಳು ತೋರಿಸೋದು ಹೆಚ್ಚಾಗಿ ಸಣ್ಣ ಸಣ್ಣ ಮಸುಕು ಥಂಬ್‌ನೇಲು, ಮತ್ತ ಎಲ್ಲಾ ಫೈಲಿಗೂ ಪರ್ಮಿಷನ್ ಕೇಳ್ತಾವು. ಗುಟ್ಟಾಗಿಟ್ಟ ಫೋಟೋ ಹುಡುಕಾಕ ಹೋಗಿ ಗೊತ್ತಿಲ್ಲದವರಿಗೆ ಇಡೀ ಫೋನ್ ತೆರೆದು ಕೊಟ್ಟಂಗ. ಅದಕ್ಕಿಂತ ವಾಟ್ಸಾಪಿನ್ಯಾಗ ಡಾಕ್ಟರಿಗೆ ಕಳಿಸಿದ್ದು ಐತೇನು ನೋಡ್ರಿ. ಗುಣಮಟ್ಟ ಕಮ್ಮಿ ಇರಬಹುದು, ಗಾಯ ನೋಡಾಕ ಸಾಕು.

ಕೊಪ್ಪಳ ಟೀಚರ್:
ಹಳೇ ಫೋನಿನ್ಯಾಗ ಎಲ್ಲ ಇದ್ವು! ಬ್ಯಾಕಪ್ ಆನ್ ಮಾಡಿದೆ, ರಾತ್ರಿಗೆ ಹೊಸದ್ರಾಗ ಬಂದ್ವು. ಜಾತ್ರಿ ತೇರಿನ ಫೋಟೋನೂ ಟ್ರ್ಯಾಶಿನಿಂದ ಹಿಂದಕ್ಕ ಬಂದಾವು. ಹೋದ ನಾಲ್ಕರಾಗ ಎರಡು ಡಾಕ್ಟರ್ ಚಾಟಿನ್ಯಾಗ ಸಿಕ್ವು, ಹೊಲಿಗೆ ಬಿಚ್ಚಿದ ದಿನದ್ದು ಸಿಗಲಿಲ್ಲ. ಒಂದು ತಿಳಿವಲ್ದು: ಲಾಕ್ ಇದ್ರೂ ಮಗ ಒಳಗ ಹೆಂಗ ಹೋದ?

ಗಂಗಾವತಿ ರಿಪೇರಿ:
ಆಟ ಆಡಾಕ ಫೋನ್ ತೆಗೆಯೋ ಪಿನ್ ಅವಗ ಗೊತ್ತೈತಿ ಅಲ್ರಿ? ಲಾಕ್ಡ್ ಫೋಲ್ಡರಿಗೂ ಅದೇ ಪಿನ್. ಅದಕ್ಕಂತ ಬೇರೆ ಪಾಸ್‌ವರ್ಡ್ ಇಲ್ಲ. ಹೊಸ ಫೋನಿನ ಪಿನ್ ಅವಗ ಹೇಳಬ್ಯಾಡ್ರಿ, ಅವನ ಬೆರಳಚ್ಚೂ ಸೇರಿಸಬ್ಯಾಡ್ರಿ.

ಬಳ್ಳಾರಿ ಮಾವ:
ಮೊಮ್ಮಗನ ಬೆರಳು ನನ್ನ ಫೋನಿನ್ಯಾಗೂ ಐತಿ ಅಂತ ಅನುಮಾನ. ತೆಗೆಯೋದು ಎಲ್ಲಿ? ಐಫೋನ್, ಹೋಮ್ ಬಟನ್ ಇರೋದು.